ಎಡಗಡೆಯ ಸೊನ್ನೆ

ಒಂದನೆಯ ತರಗತಿಯಲ್ಲಿ ಮೇಷ್ಟ್ರು ಹೇಳಿಕೊಟ್ಟ ಒಂದು ಪಾಠ ಯಾರಿಗೂ ಮರೆತಿರುವುದಿಲ್ಲ. ಒಂದರ ಬಲಗಡೆ ಸೊನ್ನೆ ಹಾಕಿದರೆ ಹತ್ತು, ಎಡಗಡೆ ಹಾಕಿದರೆ ಅದು ಬರೀ ಒಂದೇ. ಎಡಗಡೆಯ ಸೊನ್ನೆಗೆ ಬೆಲೆಯಿಲ್ಲ. ಸ್ಲೇಟಿನ ಮೇಲೆ 007 ಎಂದು ಬರೆದ ಹುಡುಗನಿಗೆ, ‘ಆ ಎರಡು ಸೊನ್ನೆ ಅಳಿಸೋ’ ಎಂದು ಗದರಿಸದ ಮೇಷ್ಟ್ರಿಲ್ಲ. ಇವತ್ತು ಕಚೇರಿ ಕಚೇರಿಗಳ ಕಂಪ್ಯೂಟರಿನಲ್ಲಿ ಕೂತಿರುವ ಎಕ್ಸೆಲ್ ಎಂಬ ತಂತ್ರಾಂಶವೂ ಇದೇ ಪಾಠವನ್ನು ಬಲು ನಿಷ್ಠೆಯಿಂದ ಕಲಿತ ವಿದ್ಯಾರ್ಥಿ. ಎಡಗಡೆ ಸೊನ್ನೆ ಕಂಡರೆ ಸಾಕು, ಯಾರನ್ನೂ ಕೇಳದೆ ಅಳಿಸಿಬಿಡುತ್ತದೆ. ತೊಂದರೆ ಏನೆಂದರೆ, ಅಂಕಿಗಳಲ್ಲಿ ಬರೆದದ್ದೆಲ್ಲ ಲೆಕ್ಕದ ಸಂಖ್ಯೆಯಲ್ಲ.

ಬಯಲುಸೀಮೆಯ ಹಳ್ಳಿಯೊಂದರ ಹಾಲು ಉತ್ಪಾದಕರ ಸಹಕಾರ ಸಂಘವನ್ನು ಕಣ್ಣ ಮುಂದೆ ತಂದುಕೊಳ್ಳಿ. 140 ಮಂದಿ ಸದಸ್ಯರು. ಹದಿನೈದು ದಿನಕ್ಕೊಮ್ಮೆ ಬಟವಾಡೆ. ಮೊದಲಾದರೆ ಕಾರ್ಯದರ್ಶಿಯ ಮೇಜಿನ ಮುಂದೆ ಸಾಲು ನಿಂತು, ಸಹಿ ಹಾಕಿ ಅಥವಾ ಹೆಬ್ಬೆಟ್ಟು ಒತ್ತಿ ನೋಟು ಎಣಿಸಿಕೊಂಡು ಹೋಗುತ್ತಿದ್ದರು. ಈಗ ದುಡ್ಡು ನೇರವಾಗಿ ಬ್ಯಾಂಕ್ ಖಾತೆಗೆ. ಸಂಘದ ಲೆಕ್ಕದ ತಂತ್ರಾಂಶ ಪ್ರತಿ ಬಟವಾಡೆಗೆ ಒಂದು ಸಿಎಸ್‌ವಿ ಕಡತವನ್ನು ತಯಾರಿಸಿ ಕೊಡುತ್ತದೆ. ಕಾರ್ಯದರ್ಶಿ ಅದನ್ನು ಸಂಘದ ಖಾತೆ ಇರುವ ಬ್ಯಾಂಕಿಗೆ ಕಳಿಸುತ್ತಾರೆ. ಬ್ಯಾಂಕು ಅಲ್ಲಿಂದ ಸದಸ್ಯರ ಬೇರೆ ಬೇರೆ ಬ್ಯಾಂಕುಗಳ ಖಾತೆಗೆ ನೆಫ್ಟ್ ಮೂಲಕ ಹಣ ವರ್ಗಾಯಿಸುತ್ತದೆ.

ಆ ಸಲ ಮೂವರು ಸದಸ್ಯರು ಪಶು ಆಹಾರದ ಮೂಟೆ ಸಾಲವಾಗಿ ಒಯ್ದಿದ್ದರು. ಅದನ್ನು ಬಟವಾಡೆಯಲ್ಲಿ ಮುರಿದುಕೊಳ್ಳಬೇಕಿತ್ತು. ತಂತ್ರಾಂಶದಲ್ಲಿ ಲೆಕ್ಕ ಮುಗಿಸಿ ಆಗಿತ್ತು. ಮೂರು ಸಾಲು ತಾನೆ, ಕಡತದಲ್ಲೇ ತಿದ್ದಿದರಾಯಿತು ಎಂದುಕೊಂಡು ಕಾರ್ಯದರ್ಶಿ ಅದರ ಮೇಲೆ ಎರಡು ಸಲ ಒತ್ತಿದರು. ಎಕ್ಸೆಲ್ ತೆರೆದುಕೊಂಡಿತು. ಮೂರು ಮೊತ್ತ ತಿದ್ದಿದರು, ಉಳಿಸಿದರು, ಬ್ಯಾಂಕಿಗೆ ಕಳಿಸಿದರು.

ಮಾರನೆಯ ಬೆಳಿಗ್ಗೆ ಹಾಲು ಹಾಕಲು ಬಂದ ಅಜ್ಜಿಯೊಬ್ಬರು ಕ್ಯಾನಿನ ಪಕ್ಕದಲ್ಲೇ ನಿಂತರು.

‘ಯಾಕಪ್ಪಾ, ಈ ಸಲ ನನ್ನ ದುಡ್ಡೇ ಬಂದಿಲ್ಲವಲ್ಲ? ಮೊಮ್ಮಗ ಬ್ಯಾಂಕಿಗೆ ಹೋಗಿ ಕೇಳಿಕೊಂಡು ಬಂದ.’

‘ಕಳಿಸಿದ್ದೀನಲ್ಲಜ್ಜಿ. ನೆನ್ನೆಯೇ ಹೋಗಿದೆ.’

‘ನೀನು ಕಳಿಸಿದ್ದು ಎಲ್ಲಿಗೆ ಹೋಯಿತೋ! ಪಕ್ಕದ ಮನೆಯವಳಿಗೆ ಬಂದಿದೆ, ನನಗಿಲ್ಲ.’

ಹನ್ನೊಂದು ಗಂಟೆಗೆ ಬ್ಯಾಂಕಿನಿಂದ ಫೋನು ಬಂತು. 61 ಮಂದಿಯ ಹಣ ಮರಳಿ ಬಂದಿದೆ, ಕಾರಣ: ಆ ಸಂಖ್ಯೆಯ ಖಾತೆ ಇಲ್ಲ. ಕಾರ್ಯದರ್ಶಿ ಪಟ್ಟಿ ನೋಡಿದರು. ಮರಳಿ ಬಂದವರಲ್ಲಿ ಪಶು ಆಹಾರ ಒಯ್ದ ಮೂವರಲ್ಲಿ ಒಬ್ಬರೂ ಇರಲಿಲ್ಲ. ತಾವು ಕೈಯಿಟ್ಟ ಮೂರು ಸಾಲು ಸರಿಯಾಗಿವೆ, ಕೈಯಿಡದ 61 ಸಾಲು ಕೆಟ್ಟಿವೆ! ಆ 61 ಮಂದಿಯಲ್ಲಿ ಒಂದೇ ಸಮಾನ ಅಂಶವಿತ್ತು. ಎಲ್ಲರ ಖಾತೆಯೂ ಹೋಬಳಿ ಊರಿನ ಒಂದೇ ಬ್ಯಾಂಕಿನ ಒಂದೇ ಶಾಖೆಯಲ್ಲಿತ್ತು.

ಏನಾಯಿತೆಂದು ತಿಳಿಯಲು ಸಿಎಸ್‌ವಿ ಕಡತ ಎಂದರೇನೆಂದು ಮೊದಲು ನೋಡಬೇಕು. ಅದು ಎಕ್ಸೆಲ್ ಕಡತವಲ್ಲ. ಬರೀ ಅಕ್ಷರಗಳ ಕಡತ. ಒಂದೊಂದು ಸಾಲಿಗೆ ಒಂದೊಂದು ದಾಖಲೆ, ನಡುನಡುವೆ ಅಲ್ಪವಿರಾಮ, ಅಷ್ಟೆ. ನೋಟ್‌ಪ್ಯಾಡಿನಲ್ಲಿ ತೆರೆದರೆ ಒಳಗಿರುವುದು ಇದ್ದ ಹಾಗೆಯೇ ಕಾಣುತ್ತದೆ. ಸಂಘದ ಕಡತದ ಮೂರು ಸಾಲು, ಕಾಲ್ಪನಿಕ ಸಂಖ್ಯೆಗಳೊಂದಿಗೆ, ಹೀಗಿವೆ:

```
MEMBER,ACCOUNT,AMOUNT
0017,0072000012345,4210
0018,0072000012389,3875
0019,5123456700244,5160
```

ಮೊದಲ ಎರಡು ಖಾತೆಗಳು ಹೋಬಳಿ ಊರಿನ ಶಾಖೆಯವು. ಹಲವು ಬ್ಯಾಂಕುಗಳಲ್ಲಿ ಖಾತೆ ಸಂಖ್ಯೆಯ ಮೊದಲ ಭಾಗ ಶಾಖೆಯ ಸಂಕೇತ. ಇಲ್ಲಿ ಶಾಖೆಯ ಸಂಕೇತ 0072 ಎಂದು ಇಟ್ಟುಕೊಂಡರೆ, ಆ ಶಾಖೆಯ ಪ್ರತಿ ಖಾತೆಯೂ ಎರಡು ಸೊನ್ನೆಯಿಂದಲೇ ಶುರುವಾಗುತ್ತದೆ. ಮೂರನೆಯದು ಬೇರೆ ಬ್ಯಾಂಕಿನದು, 5ರಿಂದ ಶುರು. ಮೂರಕ್ಕೂ 13 ಅಂಕಿ.

ಈ ಕಡತದಲ್ಲಿ ಎಲ್ಲಿಯೂ ‘ಎರಡನೆಯ ಕಾಲಂ ಖಾತೆ ಸಂಖ್ಯೆ, ಅದನ್ನು ಹಾಗೆಯೇ ಇಡು, ಮೂರನೆಯದು ದುಡ್ಡು, ಅದನ್ನು ಕೂಡಬಹುದು’ ಎಂದು ಬರೆದಿಲ್ಲ. ಬರೆಯಲು ಜಾಗವೂ ಇಲ್ಲ. ಸಿಎಸ್‌ವಿಯ ರೂಢಿಯನ್ನು 2005ರಲ್ಲಿ ಆರ್‌ಎಫ್‌ಸಿ 4180 ಎಂಬ ದಾಖಲೆಯಾಗಿ ಬರೆದಿಟ್ಟರು. ಅಲ್ಪವಿರಾಮ ಎಲ್ಲಿ, ಉದ್ಧರಣ ಚಿಹ್ನೆ ಎಲ್ಲಿ, ಸಾಲು ಮುಗಿಯುವುದೆಲ್ಲಿ ಎಂಬುದನ್ನು ಅದು ಹೇಳುತ್ತದೆ. ಯಾವುದು ಸಂಖ್ಯೆ, ಯಾವುದು ಅಕ್ಷರ ಎಂದು ಹೇಳುವುದಿಲ್ಲ. ಹೀಗಾಗಿ ತೆರೆಯುವ ತಂತ್ರಾಂಶವೇ ಊಹಿಸಿಕೊಳ್ಳಬೇಕು.

ಎಕ್ಸೆಲ್ ಊಹಿಸುವ ರೀತಿ ಬಹಳ ಸರಳ. ಒಂದು ಮನೆಯಲ್ಲಿ ಬರೀ ಅಂಕಿಗಳಿದ್ದರೆ ಅದು ಸಂಖ್ಯೆ. ಇದಕ್ಕೆ ಹಳೆಯ ಕಾರಣವಿದೆ. ಇಂಥ ಹಾಳೆಗಳ ಮೂಲಪುರುಷ ವಿಸಿಕ್ಯಾಲ್ಕ್. 1979ರಲ್ಲಿ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಅದನ್ನು ರಚಿಸಿದ್ದು ಕೂಡಿ ಕಳೆಯುವ ಲೆಕ್ಕಕ್ಕಾಗಿ. ಅಂಥ ಹಾಳೆಯಲ್ಲಿ ಯಾರಾದರೂ ಅಂಕಿ ಒತ್ತಿದರೆ ಅದು ಲೆಕ್ಕಕ್ಕೇ ಎಂದುಕೊಳ್ಳುವುದು ಸಹಜ. ಅಂಕಿಯನ್ನು ಅಕ್ಷರವಾಗಿ ಇಡಬೇಕಾದರೆ ಮೊದಲಿಗೆ ಒಂದು ಗುರುತು ಹಾಕಬೇಕಿತ್ತು. 1983ರಲ್ಲಿ ಬಂದ ಲೋಟಸ್ 1-2-3ರಲ್ಲಿ ಅದಕ್ಕೆ ಒಂಟಿ ಉದ್ಧರಣ ಚಿಹ್ನೆ ಬಳಸುತ್ತಿದ್ದರು. ಇವತ್ತಿಗೂ ಎಕ್ಸೆಲ್‌ನಲ್ಲಿ ಕೈಯಿಂದ `'0072` ಎಂದು ಒತ್ತಿದರೆ ಸೊನ್ನೆಗಳು ಉಳಿಯುತ್ತವೆ, ಚಿಹ್ನೆ ಮನೆಯೊಳಗೆ ಕಾಣುವುದಿಲ್ಲ. ಆದರೆ ಈ ಉಪಾಯ ಕೈಯಿಂದ ಒತ್ತುವಾಗ ಮಾತ್ರ. ಸಿಎಸ್‌ವಿ ಕಡತದೊಳಗೇ ಆ ಚಿಹ್ನೆ ಸೇರಿಸಿದರೆ ಅದೂ ಖಾತೆ ಸಂಖ್ಯೆಯ ಭಾಗವಾಗಿ ಕಣ್ಣಿಗೆ ಬಡಿಯುತ್ತದೆ, ಬ್ಯಾಂಕಿಗೂ ಹಾಗೆಯೇ ಹೋಗುತ್ತದೆ.

ಇನ್ನು ಕೆಲವರು ‘ಸಂಖ್ಯೆಯ ಸುತ್ತ ಜೋಡಿ ಉದ್ಧರಣ ಚಿಹ್ನೆ ಹಾಕಿ ಕಡತ ಬರೆಸಿದರೆ ಸರಿಹೋಗುತ್ತದೆ’ ಎನ್ನುವುದುಂಟು. ಹೋಗುವುದಿಲ್ಲ. ಸಿಎಸ್‌ವಿಯಲ್ಲಿ ಆ ಚಿಹ್ನೆ ಇರುವುದು ವಿಳಾಸದಂಥ ಬರಹದ ಒಳಗೆ ಬರುವ ಅಲ್ಪವಿರಾಮವನ್ನು ಕಾಪಾಡಲು. ಒಳಗಿರುವುದು ಅಕ್ಷರ ಎಂಬ ಅರ್ಥ ಅದಕ್ಕಿಲ್ಲ. `"0072000012345"` ಎಂದಿದ್ದರೂ ಎಕ್ಸೆಲ್ ಚಿಹ್ನೆ ಬಿಚ್ಚಿ, ಒಳಗಿನ ಅಂಕಿ ನೋಡಿ, ಸೊನ್ನೆ ತೆಗೆದೇ ತೆಗೆಯುತ್ತದೆ.

ಕಾರ್ಯದರ್ಶಿಯ ತೆರೆಯ ಮೇಲೆ ಅಂದು ಕಂಡದ್ದೇನು? ಎರಡನೆಯ ಕಾಲಂ ಕಿರಿದಾಗಿತ್ತು. ಅದರಲ್ಲಿ `7.2E+10`, `7.2E+10`, `5.12E+12` ಎಂಬ ವಿಚಿತ್ರ ಬರಹ. ಅದು ವಿಜ್ಞಾನಿಗಳು ದೊಡ್ಡ ಸಂಖ್ಯೆಯನ್ನು ಚಿಕ್ಕದಾಗಿ ಬರೆಯುವ ಕ್ರಮ. `7.2E+10` ಎಂದರೆ 7.2 ಅನ್ನು ಹತ್ತು ಸಲ ಹತ್ತರಿಂದ ಗುಣಿಸು ಎಂದು. ಕಾರ್ಯದರ್ಶಿ ಗಾಬರಿಯಾಗಿ ಕಾಲಂ ಅಗಲ ಮಾಡಿದರು. ಮೊದಲ ಎರಡು ಸಾಲು `72000012345`, `72000012389` ಎಂದು ಬಿಚ್ಚಿಕೊಂಡವು. ಮೂರನೆಯದು `5.12346E+12` ಎಂದೇ ಉಳಿಯಿತು. ಎಕ್ಸೆಲ್‌ನ ಸಾಮಾನ್ಯ ಏರ್ಪಾಡಿನಲ್ಲಿ 11 ಅಂಕಿಯವರೆಗೆ ಮಾತ್ರ ಪೂರ್ತಿ ತೋರಿಸುತ್ತದೆ. 11 ದಾಟಿದರೆ, ಜಾಗ ಎಷ್ಟಿದ್ದರೂ ಈ ಚಿಕ್ಕ ರೂಪವೇ. ಕಾರ್ಯದರ್ಶಿ ಆ ಕಾಲಂ ಅನ್ನು `Number` ಮಾಡಿ, ದಶಾಂಶ ತೆಗೆದರು. `5123456700244` ಎಂದು ಸರಿಯಾಗಿ ಕಂಡಿತು. ಸಮಾಧಾನವಾಯಿತು.

ಆ ಸಮಾಧಾನವೇ ಅವರಿಗೆ ಮುಳುವಾಯಿತು. ಕಣ್ಣಿಗೆ ಹೊಡೆದು ಕಾಣುತ್ತಿದ್ದ ಕೇಡನ್ನು ಸರಿಪಡಿಸಿದ ಖುಷಿಯಲ್ಲಿ, ಸದ್ದಿಲ್ಲದೆ ಆಗಿದ್ದ ಕೇಡು ಕಾಣಲಿಲ್ಲ. 13 ಅಂಕಿಯ ಖಾತೆ 11 ಅಂಕಿಯಾಗಿತ್ತು. 72ರಿಂದ ಶುರುವಾಗುವ ಸಂಖ್ಯೆ ನೋಡಲು ಯಾವ ಕೊರತೆಯೂ ಇಲ್ಲದ ಸಂಖ್ಯೆಯಂತೆಯೇ ಇತ್ತು. ಉಳಿಸಿದ ಮೇಲೆ ಕಡತದೊಳಗೆ ಇದ್ದದ್ದು ಇದು:

```
MEMBER,ACCOUNT,AMOUNT
17,72000012345,4210
18,72000012389,3875
19,5123456700244,5160
```

ಸದಸ್ಯರ ಸಂಖ್ಯೆಯ ಸೊನ್ನೆಗಳೂ ಹೋಗಿವೆ ನೋಡಿ. ಕಡತ ತೆರೆದ ಕ್ಷಣದಲ್ಲೇ ಎಕ್ಸೆಲ್‌ನ ನೆನಪಿನಲ್ಲಿ ಸೊನ್ನೆಗಳು ಇರಲಿಲ್ಲ. ಆದರೂ ಆಗ ಏನೂ ಹಾಳಾಗಿರಲಿಲ್ಲ. ಉಳಿಸದೆ ಮುಚ್ಚಿದ್ದರೆ ಮೂಲ ಕಡತ ಹಾಗೆಯೇ ಇರುತ್ತಿತ್ತು. ಉಳಿಸಿದಾಗ ಬಡಕಲಾದ ಸಂಖ್ಯೆ ಮೂಲದ ಮೇಲೆಯೇ ಬರೆದುಕೊಂಡಿತು. ನಷ್ಟ ಪಕ್ಕಾ ಆದದ್ದು ಆಗ.

ಕಾರ್ಯದರ್ಶಿ `Number` ಮಾಡದೆ ಹಾಗೆಯೇ ಉಳಿಸಿದ್ದರೆ ಇನ್ನೂ ಕೆಟ್ಟದಾಗುತ್ತಿತ್ತು. ಸಿಎಸ್‌ವಿಯಾಗಿ ಉಳಿಸುವಾಗ ಎಕ್ಸೆಲ್ ಮನೆಯಲ್ಲಿ ತೋರಿಸುತ್ತಿರುವ ರೂಪವನ್ನೇ ಬರೆಯುತ್ತದೆ. ಮೂರನೆಯ ಸಾಲಿನಲ್ಲಿ `5.12346E+12` ಎಂಬ ಅಕ್ಷರಗಳೇ ಕಡತಕ್ಕೆ ಹೋಗುತ್ತಿದ್ದವು. ಮುಂದೆ ಯಾರಾದರೂ ಅದನ್ನು ತೆರೆದು ‘ಸರಿ’ ಮಾಡಿದರೆ ಬರುವುದು 5123460000000. ಅದಕ್ಕೂ 13 ಅಂಕಿ, ನೋಡಲು ಖಾತೆ ಸಂಖ್ಯೆಯಂತೆಯೇ. ಆದರೆ ಯಾರದ್ದೂ ಅಲ್ಲ. ಆ ಶಾಖೆಯ ಎಲ್ಲ ಸದಸ್ಯರಿಗೂ ಹೆಚ್ಚುಕಡಿಮೆ ಅದೇ ಒಂದು ಸಂಖ್ಯೆ ಬಂದು ಕೂರುತ್ತದೆ. 16 ಅಂಕಿಯ ಖಾತೆಗಳಿಗೆ ಇನ್ನೊಂದು ಪೆಟ್ಟಿದೆ. ಎಕ್ಸೆಲ್ ಯಾವ ಸಂಖ್ಯೆಯಲ್ಲೂ 15 ಅಂಕಿ ಮಾತ್ರ ಇಟ್ಟುಕೊಂಡು ಮುಂದಿನದನ್ನು ಸೊನ್ನೆ ಮಾಡುತ್ತದೆ. 1234567890123456 ಎಂಬುದು 1234567890123450 ಆಗುತ್ತದೆ. ಎಡಗಡೆ ಇದ್ದ ಸೊನ್ನೆ ಕಿತ್ತುಕೊಳ್ಳುವ ತಂತ್ರಾಂಶವೇ ಬಲಗಡೆ ಇಲ್ಲದ ಸೊನ್ನೆ ತಂದು ಅಂಟಿಸುತ್ತದೆ!

ಬ್ಯಾಂಕಿನವರು ಹೆಸರು ನೋಡಿ ತಿದ್ದಿಕೊಳ್ಳಬಾರದೆ ಎಂದು ಅಜ್ಜಿಯ ಮೊಮ್ಮಗ ಕೇಳಿದ. ನ್ಯಾಯವಾದ ಪ್ರಶ್ನೆಯೇ. ಆದರೆ ನೆಫ್ಟ್‌ನಂಥ ವರ್ಗಾವಣೆಯಲ್ಲಿ ಹಣ ಜಮಾ ಆಗುವುದು ಖಾತೆ ಸಂಖ್ಯೆಯ ಆಧಾರದ ಮೇಲೆ ಮಾತ್ರ. 2010ರಲ್ಲಿ ರಿಸರ್ವ್ ಬ್ಯಾಂಕು ಇದನ್ನು ಸುತ್ತೋಲೆಯಲ್ಲೇ ಹೇಳಿತು. ಸಂಖ್ಯೆ ಸರಿಯಾಗಿ ಕೊಡುವ ಹೊಣೆ ಕಳಿಸುವವರದು. ಖಾತೆ ಸಿಗದಿದ್ದರೆ ಪಡೆಯುವ ಬ್ಯಾಂಕು ಆ ತಂಡದ ವಹಿವಾಟು ಮುಗಿದ ಎರಡು ಗಂಟೆಯೊಳಗೆ ಹಣವನ್ನು ಹಿಂದಿರುಗಿಸಬೇಕು. ಈ ಸಂಘದ ವಿಷಯದಲ್ಲಿ ಆದದ್ದು ಅದೇ. ಅಜ್ಜಿಯ ಹಣ ಕಳೆದುಹೋಗಲಿಲ್ಲ, ಸಂಘದ ಖಾತೆಗೇ ಮರಳಿತು. ಬಡಕಲಾದ ಸಂಖ್ಯೆ ಅದೇ ಬ್ಯಾಂಕಿನ ಇನ್ನಾರದೋ ಖಾತೆಗೆ ಹೊಂದಿಕೊಂಡಿದ್ದರೆ ಮಾತ್ರ ಕಥೆ ಬೇರೆಯಾಗುತ್ತಿತ್ತು. ಹಣ ಕಳಿಸುವ ಮುನ್ನ ಖಾತೆದಾರರ ಹೆಸರನ್ನು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಒದಗಿಸಬೇಕೆಂದು ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಹೇಳಿತು. ಒಬ್ಬರಿಗೆ ಕಳಿಸುವಾಗ ಅದು ಒಳ್ಳೆಯ ಕಾವಲು. 140 ಸಾಲಿನ ಕಡತ ಕಳಿಸುವವರು ಮೊದಲು ಕಡತವನ್ನೇ ನೋಡಬೇಕು.

ಸಂಘದ ಕಾರ್ಯದರ್ಶಿ ಮಧ್ಯಾಹ್ನ ತಾಲ್ಲೂಕಿಗೆ ಹೋಗಿ, ಒಕ್ಕೂಟದ ಕಚೇರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಹುಡುಗನ ಮುಂದೆ ಕೂತರು. ಅವನು ಕಡತವನ್ನು ಎಕ್ಸೆಲ್‌ನಲ್ಲಿ ತೆರೆಯಲೇ ಇಲ್ಲ. ನೋಟ್‌ಪ್ಯಾಡಿನಲ್ಲಿ ತೆರೆದ.

‘ಅಣ್ಣಾ, ಅಜ್ಜಿಯ ಪಾಸ್‌ಬುಕ್ಕಿನಲ್ಲಿ ಎಷ್ಟು ಅಂಕಿ ಇದೆ ಎಣಿಸಿ.’

‘ಹದಿಮೂರು.’

‘ಇಲ್ಲಿ ಹನ್ನೊಂದು. ಎರಡು ಸೊನ್ನೆ ನುಂಗಿಹೋಗಿದೆ.’

‘ಅಷ್ಟೇ ತಾನೆ? ಆ ಕಾಲಂ ಅನ್ನು ಟೆಕ್ಸ್ಟ್ ಮಾಡಿಬಿಡು, ವಾಪಸು ಬರುತ್ತದೆ.’

ಹುಡುಗ ನಕ್ಕ. ‘ಹೋದ ಮೇಲೆ ಬಾಗಿಲು ಹಾಕಿದರೆ ವಾಪಸು ಬರುತ್ತದೆಯೇ ಅಣ್ಣಾ?’

ಇದು ಬಹಳ ಮಂದಿ ಎಡವುವ ಜಾಗ. ತೆರೆದಾದ ಮೇಲೆ ಕಾಲಂನ ರೂಪವನ್ನು `Text` ಎಂದು ಬದಲಿಸಿದರೆ ಈಗ ಇರುವ 72000012345 ಅಕ್ಷರವಾಗುತ್ತದೆ, ಅಷ್ಟೆ. ಇಲ್ಲದ ಸೊನ್ನೆ ಎಲ್ಲಿಂದ ಬರಬೇಕು? ಎಷ್ಟು ಸೊನ್ನೆ ಇತ್ತೆಂಬ ಗುರುತು ಎಕ್ಸೆಲ್‌ಗೆ ಇರುವುದಿಲ್ಲ.

ಹಾಗಾದರೆ ಸೊನ್ನೆ ತುಂಬಿಸಲಾಗದೆ? ಉದ್ದ ಎಷ್ಟೆಂದು ಖಚಿತವಾಗಿ ಗೊತ್ತಿದ್ದರೆ ತುಂಬಿಸಬಹುದು. ಇದಕ್ಕೆ ಒಳ್ಳೆಯ ಉದಾಹರಣೆ ಪಿನ್ ಕೋಡು, ಅದೂ ನಮ್ಮದಲ್ಲ, ಹೊರಗಿನದು. ನಮ್ಮ ದೇಶದ ಪಿನ್ ಕೋಡು 1972ರ ಆಗಸ್ಟ್ 15ರಂದು ಜಾರಿಗೆ ಬಂತು. ಆರು ಅಂಕಿ. ಮೊದಲ ಅಂಕಿ 1ರಿಂದ 8ರವರೆಗೆ ದೇಶದ ಭಾಗಗಳಿಗೆ, 9 ಸೇನಾ ಅಂಚೆಗೆ. ಕರ್ನಾಟಕದ್ದು 56ರಿಂದ 59. ಸೊನ್ನೆಯಿಂದ ಶುರುವಾಗುವ ಪಿನ್ ಕೋಡೇ ನಮ್ಮಲ್ಲಿಲ್ಲ. ಆದ್ದರಿಂದ ಬೆಂಗಳೂರಿನ ವಿಳಾಸಪಟ್ಟಿಯನ್ನು ಎಕ್ಸೆಲ್‌ನಲ್ಲಿ ನೂರು ಸಲ ತೆರೆದು ಮುಚ್ಚಿದರೂ 560001 ಹಾಗೆಯೇ ಇರುತ್ತದೆ. ಇಲ್ಲಿಯ ಗುಮಾಸ್ತರಿಗೆ ಈ ಕಾಯಿಲೆ ಪಿನ್ ಕೋಡಿನಲ್ಲಿ ಕಾಣಿಸುವುದೇ ಇಲ್ಲ.

ಆದರೆ ಮಗಳು ಅಳಿಯ ಅಮೆರಿಕದ ನ್ಯೂಜೆರ್ಸಿಯಲ್ಲಿರುವ ಮನೆಯವರು ಮದುವೆಯ ಕರೆಯೋಲೆಗೆ ವಿಳಾಸಪಟ್ಟಿ ಮಾಡಿಸಲಿ, ಆಗ ಕಾಣುತ್ತದೆ. ಅಮೆರಿಕದವರು 1963ರಲ್ಲಿ ತಂದ ಜಿಪ್ ಕೋಡಿಗೆ ಐದು ಅಂಕಿ, ಮೊದಲ ಅಂಕಿ ಸೊನ್ನೆಯಿಂದಲೇ ಶುರು. ಬಾಸ್ಟನ್ ಇರುವ ಈಶಾನ್ಯದ ರಾಜ್ಯಗಳು, ನ್ಯೂಜೆರ್ಸಿ, ಪೋರ್ಟೊರಿಕೊ ದ್ವೀಪ, ಎಲ್ಲ ಸೊನ್ನೆಯ ಪಾಲಿಗೆ ಬಂದವು. ಭಾರತೀಯರು ಹೆಚ್ಚಾಗಿರುವ ಎಡಿಸನ್ ಊರಿನ ಒಂದು ಕೋಡು 08817. ಬಾಸ್ಟನ್ನಿನ ಒಂದು ಕೋಡು 02108. ಎಕ್ಸೆಲ್‌ನಲ್ಲಿ ತೆರೆದು ಉಳಿಸಿದ ಪಟ್ಟಿಯಿಂದ ಅಂಟುಚೀಟಿ ಮುದ್ರಿಸಿದರೆ ಬರುವುದು 8817, 2108. ಪೋರ್ಟೊರಿಕೊದ 00901 ಎಂಬುದು ಬರೀ 901 ಆಗಿ ಇಳಿಯುತ್ತದೆ. ಜರ್ಮನಿಯ ಡ್ರೆಸ್ಡೆನ್ ನಗರದ 01067ಕ್ಕೂ ಇದೇ ಗತಿ.

ಇಲ್ಲಿ ಮದ್ದು ಸುಲಭ. ಅಮೆರಿಕದ ಮೂಲ ಜಿಪ್ ಕೋಡಿಗೆ ಯಾವಾಗಲೂ ಐದೇ ಅಂಕಿ. ಕಡಿಮೆ ಬಿದ್ದದ್ದೆಲ್ಲ ಎಡಗಡೆಯ ಸೊನ್ನೆಯೇ ಸರಿ. ಪಕ್ಕದ ಖಾಲಿ ಕಾಲಂನಲ್ಲಿ ಈ ಸೂತ್ರ ಕೊಟ್ಟರೆ ಸಾಕು:

```
=TEXT(A2,"00000")
```

8817 ಇದ್ದದ್ದು 08817 ಆಗುತ್ತದೆ, 901 ಇದ್ದದ್ದು 00901 ಆಗುತ್ತದೆ. ಆದರೆ ಒಂದೇ ಪಟ್ಟಿಯಲ್ಲಿ ನ್ಯೂಜೆರ್ಸಿಯೂ ಮೈಸೂರೂ ಬೇರೆ ದೇಶದ ಊರುಗಳೂ ಬೆರೆತಿದ್ದರೆ, ಯಾವ ಸಾಲು ಯಾವ ದೇಶದ್ದೆಂದು ನೋಡಿಯೇ ಸೂತ್ರ ಹಾಕಬೇಕು. ನಾಲ್ಕೇ ಅಂಕಿಯ ಅಂಚೆ ಸಂಕೇತವಿರುವ ದೇಶಗಳೂ ಇವೆ. ಅವಕ್ಕೆ ಸೊನ್ನೆ ಅಂಟಿಸಿದರೆ ಸರಿಯಿದ್ದದ್ದು ಕೆಡುತ್ತದೆ.

ಖಾತೆ ಸಂಖ್ಯೆಗೆ ಈ ಮದ್ದು ನಂಬಿಕೆಯದಲ್ಲ. ನಮ್ಮ ಬ್ಯಾಂಕುಗಳ ಖಾತೆ ಸಂಖ್ಯೆಗೆ ಒಂದೇ ಉದ್ದವಿಲ್ಲ. ಒಂದು ಬ್ಯಾಂಕಿನದು 11 ಅಂಕಿ, ಇನ್ನೊಂದರದು 14, ಮತ್ತೊಂದರದು 16. ಒಂದೇ ಬ್ಯಾಂಕಿನಲ್ಲೂ ಹಳೆಯ ಖಾತೆಗೆ 13 ಅಂಕಿ, ಹೊಸ ಖಾತೆಗೆ 12 ಇರುವುದುಂಟು. ಎದುರಿಗೆ 12 ಅಂಕಿಯ ಸಂಖ್ಯೆ ಕೂತಿದ್ದರೆ ಅದು ಒಂದು ಸೊನ್ನೆ ಕಳೆದುಕೊಂಡ ಹಳೆಯ ಖಾತೆಯೋ, ಇದ್ದ ಹಾಗೇ ಇರುವ ಹೊಸ ಖಾತೆಯೋ? ಸಂಖ್ಯೆ ನೋಡಿ ಹೇಳಲು ಬರುವುದಿಲ್ಲ. ಊಹೆಯ ಮೇಲೆ ಸೊನ್ನೆ ತುಂಬಿ ಇನ್ನೊಬ್ಬರ ದುಡ್ಡು ಕಳಿಸುವುದು ಸಲ್ಲದ ಕೆಲಸ.

ಆದ್ದರಿಂದ ಹುಡುಗ ಸೂತ್ರದ ಗೋಜಿಗೆ ಹೋಗಲಿಲ್ಲ. ‘ಅಣ್ಣಾ, ಕೆಟ್ಟ ಕಡತ ಪಕ್ಕಕ್ಕಿಡಿ. ನಿಮ್ಮ ತಂತ್ರಾಂಶದಿಂದ ಹೊಸದಾಗಿ ತೆಗೆಯೋಣ’ ಎಂದ. ಸಂಘದ ತಂತ್ರಾಂಶದಲ್ಲಿ ಸಂಖ್ಯೆಗಳೆಲ್ಲ ಸೊನ್ನೆ ಸಹಿತ ಭದ್ರವಾಗಿದ್ದವು. ಕೆಟ್ಟದ್ದು ಹೊರಗೆ ಬಂದ ಪ್ರತಿ ಮಾತ್ರ. ಹೊಸ ಪ್ರತಿ ತೆಗೆದು, ಈ ಸಲ ತೆರೆಯುವ ದಾರಿಯನ್ನೇ ಬದಲಿಸಿದ. ಕಡತದ ಮೇಲೆ ಎರಡು ಸಲ ಒತ್ತಲಿಲ್ಲ. ಮೊದಲು ಖಾಲಿ ಎಕ್ಸೆಲ್ ತೆರೆದ. ಮೇಲಿನ ಸಾಲಿನಲ್ಲಿ `Data`, ಅದರೊಳಗೆ `From Text/CSV`, ಆಮೇಲೆ ಕಡತ. ಎಕ್ಸೆಲ್ ಒಂದು ಮಾದರಿ ತೋರಿಸಿತು. ಅಲ್ಲಿ `Load` ಎಂದು ಒತ್ತಿದ್ದರೆ ಮತ್ತೆ ಅದೇ ಕಥೆಯಾಗುತ್ತಿತ್ತು, ಏಕೆಂದರೆ ಇಲ್ಲಿಯೂ ಅದು ಊಹೆ ಮಾಡಿಯೇ ಇರುತ್ತದೆ. ಅವನು `Transform Data` ಒತ್ತಿದ. ಮುಂದಿನ ಕಿಟಕಿಯಲ್ಲಿ `ACCOUNT` ಕಾಲಂನ ತಲೆಯ ಎಡಗಡೆ `123` ಎಂಬ ಚಿಕ್ಕ ಗುರುತಿತ್ತು, ಸಂಖ್ಯೆ ಎಂದು ಭಾವಿಸಿದ್ದೇನೆ ಎಂಬ ಸೂಚನೆ. ಅದನ್ನು ಒತ್ತಿ `Text` ಆರಿಸಿದ. ‘ಹಿಂದಿನ ಊಹೆ ಅಳಿಸಿ ಇದನ್ನೇ ಇಡಲೇ’ ಎಂಬ ಅರ್ಥದ ಪ್ರಶ್ನೆ ಬಂತು. `Replace current` ಎಂದ. ಸೊನ್ನೆಗಳು ಮರಳಿ ಪ್ರತ್ಯಕ್ಷವಾದವು. `MEMBER` ಕಾಲಂಗೂ ಹಾಗೆಯೇ ಮಾಡಿದ.

‘ಮೂರನೆಯದನ್ನೂ ಟೆಕ್ಸ್ಟ್ ಮಾಡಿಬಿಡು, ಒಂದೇ ಸಲಕ್ಕೆ ಮುಗಿಯಲಿ’ ಎಂದರು ಕಾರ್ಯದರ್ಶಿ.

‘ಬೇಡ ಅಣ್ಣಾ, ಅದು ದುಡ್ಡು. ಟೆಕ್ಸ್ಟ್ ಮಾಡಿದರೆ ಎಕ್ಸೆಲ್ ಅದನ್ನು ಕೂಡುವುದಿಲ್ಲ. ಒಟ್ಟು ಮೊತ್ತ ಸೊನ್ನೆ ಎಂದು ತೋರಿಸುತ್ತದೆ.’

ಈ ಎರಡು ಮಾತುಗಳ ನಡುವೆಯೇ ಇಡೀ ವಿಷಯ ಅಡಗಿದೆ. 4210 ರೂಪಾಯಿಗೆ 3875 ಸೇರಿಸಿದರೆ ಅರ್ಥವಿದೆ. ಅಜ್ಜಿಯ ಖಾತೆ ಸಂಖ್ಯೆಗೆ ಪಕ್ಕದ ಮನೆಯವರ ಖಾತೆ ಸಂಖ್ಯೆ ಸೇರಿಸಿದರೆ? ಮೈಸೂರಿನ ಪಿನ್ ಕೋಡನ್ನು ಎರಡರಿಂದ ಗುಣಿಸಿದರೆ? ಏನೂ ಅರ್ಥವಿಲ್ಲ. ಕೂಡಲು ಕಳೆಯಲು ಬರದ ಅಂಕಿ ಸಂಖ್ಯೆಯಲ್ಲ, ಅಂಕಿಯಲ್ಲಿ ಬರೆದ ಹೆಸರು. ಹೆಸರಿನಲ್ಲಿ ಒಂದಕ್ಷರ ಬಿಟ್ಟರೆ ಅದು ಬೇರೆ ಹೆಸರೇ. ಯಾವ ಕಾಲಂ ಅನ್ನು `Text` ಮಾಡಬೇಕು, ಯಾವುದನ್ನು ಬೇಡ ಎಂಬುದಕ್ಕೆ ಈ ಒಂದು ಪ್ರಶ್ನೆಯೇ ಸಾಕು.

ಅಂದಹಾಗೆ ಶಾಖೆಯ ಐಎಫ್‌ಎಸ್ ಕೋಡಿನಲ್ಲಿಯೂ ಸೊನ್ನೆ ಇರುತ್ತದೆ. ಹನ್ನೊಂದು ಗುರುತುಗಳಲ್ಲಿ ಐದನೆಯದು ಯಾವಾಗಲೂ ಸೊನ್ನೆಯೇ. ಅದನ್ನು ಎಕ್ಸೆಲ್ ಮುಟ್ಟುವುದಿಲ್ಲ, ಏಕೆಂದರೆ ಮುಂದೆ ನಾಲ್ಕು ಇಂಗ್ಲಿಷ್ ಅಕ್ಷರಗಳು ಕಾವಲಿಗೆ ನಿಂತಿರುತ್ತವೆ. ಖಾತೆ ಸಂಖ್ಯೆಗೆ ಅಂಥ ಕಾವಲಿಲ್ಲ.

ಮೂರು ಮೊತ್ತ ತಿದ್ದಿ ಸಿಎಸ್‌ವಿಯಾಗಿ ಉಳಿಸಿದ ಮೇಲೆ ಕಾರ್ಯದರ್ಶಿ, ಸರಿಯಾಗಿದೆಯೇ ನೋಡೋಣ ಎಂದು ಹೊಸ ಕಡತದ ಮೇಲೆ ಎರಡು ಸಲ ಒತ್ತಲು ಹೋದರು. ಹುಡುಗ ಕೈ ಹಿಡಿದ. ಹಾಗೆ ತೆರೆದರೆ ಎಕ್ಸೆಲ್ ಮತ್ತೆ ಸೊನ್ನೆ ತೆಗೆದೇ ತೋರಿಸುತ್ತದೆ, ಕಡತ ಸರಿಯಿದ್ದರೂ ಕೆಟ್ಟಂತೆ ಕಾಣುತ್ತದೆ. ಆ ಗಾಬರಿಯಲ್ಲಿ ಉಳಿಸಿಬಿಟ್ಟರೆ ನಿಜವಾಗಿಯೂ ಕೆಡುತ್ತದೆ. ಪರೀಕ್ಷೆ ಯಾವಾಗಲೂ ನೋಟ್‌ಪ್ಯಾಡಿನಲ್ಲಿ. ಪಾಸ್‌ಬುಕ್ಕಿನಲ್ಲಿ ಸೊನ್ನೆಯಿಂದ ಶುರುವಾಗುವ ಒಂದೆರಡು ಖಾತೆಗಳನ್ನು ಗುರುತಿಟ್ಟುಕೊಂಡು, ಅವು ಕಡತದಲ್ಲಿ ಹೇಗಿವೆ ಎಂದು ನೋಡಿದರೆ ಒಂದು ನಿಮಿಷದ ಕೆಲಸ.

ಎಕ್ಸೆಲ್ ಒಳಗೇ ಇದ್ದಾಗ ತಿಳಿಯುವ ಬಗೆಯೂ ಉಂಟು. ಯಾರೂ ಬದಲಿಸದಿದ್ದರೆ ಸಂಖ್ಯೆ ಮನೆಯ ಬಲಗೋಡೆಗೆ ಒರಗಿರುತ್ತದೆ, ಅಕ್ಷರ ಎಡಗೋಡೆಗೆ. ಖಾತೆ ಸಂಖ್ಯೆಗಳೆಲ್ಲ ಬಲಕ್ಕೆ ಒರಗಿದ್ದರೆ ಕೆಟ್ಟಿತೆಂದೇ ತಿಳಿಯಬೇಕು. ಅನುಮಾನವಿದ್ದರೆ `=LEN(B2)` ಎಂಬ ಸೂತ್ರ ಆ ಮನೆಯಲ್ಲಿ ಎಷ್ಟು ಗುರುತುಗಳಿವೆ ಎಂದು ಎಣಿಸಿ ಹೇಳುತ್ತದೆ. ಸರಿಯಿದ್ದರೆ 13, ಸೊನ್ನೆ ಹೋಗಿದ್ದರೆ 11. ಇನ್ನೊಂದು ಬಲೆಯಿದೆ. ಅಕ್ಷರವಾಗಿ ಭದ್ರವಿರುವ ಅಂಕಿಯ ಮೂಲೆಯಲ್ಲಿ ಎಕ್ಸೆಲ್ ಒಂದು ಹಸಿರು ತ್ರಿಕೋನ ಮೂಡಿಸಿ, ಏನೋ ತಪ್ಪಾಗಿದೆ ಎಂಬಂತೆ `Convert to Number` ಎಂಬ ಸಲಹೆ ಕೊಡುತ್ತದೆ. ಸಲಹೆ ಕೇಳಿದರೆ ಸೊನ್ನೆಗಳು ಮತ್ತೆ ಹೋದವು. ಆ ಹಸಿರು ಗುರುತು ಖಾತೆ ಸಂಖ್ಯೆಯ ಕಾಲಂನಲ್ಲಿ ಶುಭಸೂಚನೆಯೇ, ಹಾಗೆಯೇ ಬಿಡಬೇಕು.

ಇಷ್ಟು ವರ್ಷ ಜನ ಗೋಳಾಡಿದ ಮೇಲೆ ಮೈಕ್ರೋಸಾಫ್ಟ್ 2023ರಲ್ಲಿ ಈ ಅಳಿಸಾಟವನ್ನು ನಿಲ್ಲಿಸುವ ಏರ್ಪಾಡು ಕೊಟ್ಟಿತು. ಹೊಸ ಎಕ್ಸೆಲ್‌ನಲ್ಲಿ `File`, `Options`, `Data` ಎಂದು ಹೋದರೆ `Automatic Data Conversion` ಎಂಬ ಭಾಗ ಸಿಗುತ್ತದೆ. ಅದರಲ್ಲಿ `Remove leading zeros and convert to a number` ಎಂಬುದರ ಮುಂದಿನ ಗುರುತನ್ನು ತೆಗೆದರೆ, ಎರಡು ಸಲ ಒತ್ತಿ ತೆರೆದರೂ ಸೊನ್ನೆಗಳು ಉಳಿಯುತ್ತವೆ. ಉದ್ದ ಸಂಖ್ಯೆಗಳನ್ನು ಮೊಟಕುಗೊಳಿಸಬೇಡ ಎನ್ನಲೂ ಅಲ್ಲಿಯೇ ಒಂದು ಗುರುತಿದೆ. ಆದರೆ ಈ ಏರ್ಪಾಡು ಹಳೆಯ ಆವೃತ್ತಿಗಳಲ್ಲಿಲ್ಲ. ಮತ್ತು ಅದು ಆ ಒಂದು ಕಂಪ್ಯೂಟರಿಗೆ ಮಾತ್ರ. ಕಾರ್ಯದರ್ಶಿಯ ಕಂಪ್ಯೂಟರಿನಲ್ಲಿ ಸರಿಮಾಡಿದ್ದರೂ, ಅದೇ ಕಡತವನ್ನು ಬೇರೊಬ್ಬರು ತಮ್ಮ ಹಳೆಯ ಎಕ್ಸೆಲ್‌ನಲ್ಲಿ ತೆರೆದು ಉಳಿಸಿದರೆ ಅಲ್ಲಿ ಸೊನ್ನೆ ಹೋಗುತ್ತದೆ.

ಸಂಜೆಯ ಹೊತ್ತಿಗೆ ಮರಳಿ ಬಂದಿದ್ದ 61 ಸಾಲುಗಳನ್ನಷ್ಟೇ ಬೇರೆ ಕಡತ ಮಾಡಿ ಕಳಿಸಿದರು. ಉಳಿದ 79 ಮಂದಿಗೆ ಆಗಲೇ ಹಣ ಸೇರಿತ್ತು. ಇಡೀ ಕಡತ ಮತ್ತೆ ಕಳಿಸಿದ್ದರೆ ಅವರಿಗೆ ಎರಡೆರಡು ಸಲ ಬಟವಾಡೆಯಾಗುತ್ತಿತ್ತು. ಮುಂದಿನ ಬಟವಾಡೆಯಿಂದ ಪಶು ಆಹಾರದ ಕಡಿತವನ್ನು ಕಾರ್ಯದರ್ಶಿ ತಂತ್ರಾಂಶದೊಳಗೇ ಬರೆಯತೊಡಗಿದರು. ಕಡತ ಹುಟ್ಟಿದ ಹಾಗೆಯೇ, ಯಾರೂ ತೆರೆಯದೆ, ಬ್ಯಾಂಕಿಗೆ ಹೋಗುತ್ತದೆ.

ಮಾರನೆಯ ಬೆಳಿಗ್ಗೆ ಅಜ್ಜಿ ಹಾಲು ಹಾಕುವಾಗ ಕೇಳಿದರು, ‘ಬಂತಪ್ಪಾ ದುಡ್ಡು. ಏನಾಗಿತ್ತಂತೆ?’

‘ನಿಮ್ಮ ನಂಬರಿನ ಮುಂದೆ ಎರಡು ಸೊನ್ನೆ ಬಿಟ್ಟುಹೋಗಿತ್ತಜ್ಜಿ.’

‘ಸೊನ್ನೆ ತಾನೆ?’ ಎಂದು ಅಜ್ಜಿ ಖಾಲಿ ಪಾತ್ರೆ ಎತ್ತಿಕೊಂಡು ನಡೆದರು.